ಅಪ್ಪನಿಗೆ ಇಲ್ಲದ ಗಡ್ಡೆ ಅಣ್ಣನಿಗೆ ಬಂದದ್ದು ಹೇಗೆ?

ಪ್ರಶ್ನೆ: ಡಾಕ್ಟರೇ, ನನ್ನ ಅಣ್ಣನಿಗೆ 38 ವರ್ಷ. ಕಳೆದ ವರ್ಷ ಅವನ ಕುತ್ತಿಗೆಯಲ್ಲಿ ಒಂದು ಗಡ್ಡೆ ಕಂಡಿತು. ತಪಾಸಣೆ ಮಾಡುತ್ತಾ ಹೋದಾಗ ಬಲಗಡೆಯ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮಾ ಎಂಬ ಇನ್ನೊಂದು ಗಡ್ಡೆ ಸಿಕ್ಕಿತು. ಅದನ್ನು ತೆಗೆದಿದ್ದಾರೆ, ಕುತ್ತಿಗೆಯದ್ದನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ಎಸ್‌ಡಿಎಚ್‌ಡಿ ಎಂಬ ವಂಶವಾಹಿಯಲ್ಲಿ ದೋಷವಿದೆ, ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಅಪ್ಪನಿಗೆ 67 ವರ್ಷ, ಬಿಪಿ ಕೂಡ ಇಲ್ಲ. ‘ನನಗಿಲ್ಲದ ಕಾಯಿಲೆ ನನ್ನಿಂದ ಹೇಗೆ ಬಂತು?’ ಎನ್ನುತ್ತಾರೆ. ಆದರೆ ಅಪ್ಪನ ತಾಯಿಗೆ ಕಿವಿಯಲ್ಲಿ ನಾಡಿ ಬಡಿದಂತೆ ಕೇಳಿಸುತ್ತಿತ್ತಂತೆ, ಅಜ್ಜಿಯ ಅಣ್ಣನಿಗೆ ಕುತ್ತಿಗೆಯಲ್ಲಿ ಗಡ್ಡೆ ಇತ್ತಂತೆ. ತಂಗಿಯಾದ ನನಗೆ 33 ವರ್ಷ, ಯಾವ ತೊಂದರೆಯೂ ಇಲ್ಲ. ಒಬ್ಬ ಮಗನಿದ್ದಾನೆ, ಇನ್ನೊಂದು ಮಗು ಬೇಕೆಂದಿದ್ದೇವೆ. ಅಣ್ಣನ ಮಗಳಿಗೆ 9 ವರ್ಷ. ದೋಷವಿದೆ ಎಂದು ತಿಳಿದರೂ ಅದನ್ನು ಸರಿಪಡಿಸಲು ಆಗುವುದಿಲ್ಲವಲ್ಲ, ಮತ್ತೇಕೆ ಪರೀಕ್ಷೆ?

ಉತ್ತರ: ನಿಮ್ಮ ಅಪ್ಪನ ತರ್ಕ ಬೇರೆ ಬಹಳಷ್ಟು ಕಾಯಿಲೆಗಳಿಗೆ ಒಪ್ಪುವಂಥದ್ದೇ. ಎಸ್‌ಡಿಎಚ್‌ಡಿಯ ವಿಷಯದಲ್ಲಿ ಮಾತ್ರ ಅದು ತಲೆಕೆಳಗಾಗುತ್ತದೆ. ನೀವು ಬರೆದ ಕುಟುಂಬದ ಕಥೆಯನ್ನು ಓದುತ್ತಿದ್ದಾಗ ನನಗೆ ಅಚ್ಚರಿಯಾದದ್ದು ಅಪ್ಪ ಆರೋಗ್ಯವಾಗಿರುವುದಲ್ಲ. ಅವರಿಗೂ ಕುತ್ತಿಗೆಯಲ್ಲಿ ಗಡ್ಡೆ ಇದೆ ಎಂದು ಬರೆದಿದ್ದರೆ ಅಚ್ಚರಿಪಡುತ್ತಿದ್ದೆ. ಈ ಮಾತು ವಿಚಿತ್ರವಾಗಿ ಕೇಳಿಸಬಹುದು, ಆದ್ದರಿಂದ ಬುಡದಿಂದಲೇ ಹೇಳುತ್ತೇನೆ. ನಿಮ್ಮ ಮಗನಿಗೆ ಆತುರವಿಲ್ಲ, ಅಣ್ಣನ ಮಗಳಿಗೆ ತಡಮಾಡಬಾರದು ಎಂದು ಮುಂದೆ ನಾನು ಹೇಳಲಿರುವುದಕ್ಕೂ ಕಾರಣ ಇದರಲ್ಲೇ ಇದೆ.

ಮೊದಲು ಗಡ್ಡೆಗಳ ಬಗ್ಗೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಒಳತಿರುಳಿನಲ್ಲಿ ಹುಟ್ಟಿದರೆ ಫಿಯೋಕ್ರೋಮೋಸೈಟೋಮಾ, ಅದೇ ಮೂಲದ ಜೀವಕೋಶಗಳಿಂದ ದೇಹದ ಬೇರೆ ಕಡೆ ಹುಟ್ಟಿದರೆ ಪ್ಯಾರಾಗ್ಯಾಂಗ್ಲಿಯೋಮಾ. ಅಡ್ರಿನಲ್‌ನಲ್ಲಿರುವುದು ಸಾಮಾನ್ಯವಾಗಿ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಸುರಿಸುತ್ತದೆ. ತಲೆನೋವು, ಬೆವರು, ಎದೆ ಬಡಿತ, ಏರಿಳಿಯುವ ರಕ್ತದೊತ್ತಡ ಎಲ್ಲವೂ ಅದರಿಂದಲೇ. ಕುತ್ತಿಗೆಯಲ್ಲಿ ಮತ್ತು ಕಿವಿಯ ಹಿಂದಿನ ಮೂಳೆಯ ಬಳಿ ಬೆಳೆಯುವ ಗಡ್ಡೆಗಳು ಬಹುಪಾಲು ಏನನ್ನೂ ಸ್ರವಿಸುವುದಿಲ್ಲ. ಮೆಲ್ಲಗೆ ಬೆಳೆಯುತ್ತಾ ಪಕ್ಕದ ನರಗಳನ್ನು ಒತ್ತುತ್ತವೆ. ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ ಕುತ್ತಿಗೆಯಲ್ಲಿ ಎರಡಾಗಿ ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟಿರುವ ಕೆರೋಟಿಡ್ ಬಾಡಿ ಎಂಬ ಅಂಗವಿದೆ. ಕುತ್ತಿಗೆಯ ಗಡ್ಡೆ ಹೆಚ್ಚಾಗಿ ಹುಟ್ಟುವುದು ಅಲ್ಲಿಂದ. ಅದರ ಕೆಲಸ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಗಮನಿಸುತ್ತಿರುವುದು.

ಎಸ್‌ಡಿಎಚ್‌ಡಿ ಇದಕ್ಕೆ ತಳಕು ಹಾಕಿಕೊಳ್ಳುವುದು ಹೀಗೆ. ಜೀವಕೋಶಗಳ ಒಳಗಿನ ಮೈಟೋಕಾಂಡ್ರಿಯಾಗಳಲ್ಲಿ ಸಕ್ಸಿನೇಟ್ ಎಂಬ ರಾಸಾಯನಿಕವನ್ನು ಮುಂದಿನ ಹಂತಕ್ಕೆ ದಾಟಿಸುವ ಎಸ್‌ಡಿಎಚ್ ಎಂಬ ಒಂದು ಕಿಣ್ವವಿದೆ. ಅದರ ನಾಲ್ಕು ತುಂಡುಗಳಲ್ಲಿ ಒಂದನ್ನು ಈ ವಂಶವಾಹಿ ತಯಾರಿಸುತ್ತದೆ. ತುಂಡು ಕೆಟ್ಟರೆ ಕಿಣ್ವವೇ ನಿಲ್ಲುತ್ತದೆ, ಸಕ್ಸಿನೇಟ್ ಶೇಖರವಾಗುತ್ತದೆ. ಆಗ, ಆಮ್ಲಜನಕ ಸಾಕಷ್ಟಿದ್ದಾಗ ಜೀವಕೋಶದ ‘ಬೆಳೆ, ರಕ್ತನಾಳ ಹೆಚ್ಚಿಸು’ ಎಂಬ ಸಂಕೇತವನ್ನು ಅಳಿಸಿಹಾಕುವ ವ್ಯವಸ್ಥೆ ಕೆಲಸ ಬಿಡುತ್ತದೆ. ಆಮ್ಲಜನಕವಿದ್ದರೂ ಇಲ್ಲವೆಂದೇ ಜೀವಕೋಶ ವರ್ತಿಸುತ್ತದೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಎತ್ತರದಲ್ಲಿ, ತೆಳುಗಾಳಿಯಲ್ಲಿ ತಲೆಮಾರುಗಳಿಂದ ಬದುಕುವವರಲ್ಲಿ ಕೆರೋಟಿಡ್ ಬಾಡಿಯ ಗಡ್ಡೆ ಬಯಲಿನವರಿಗಿಂತ ಹೆಚ್ಚು ಎಂಬುದನ್ನು ವೈದ್ಯರು ಈ ವಂಶವಾಹಿ ಪತ್ತೆಯಾಗುವ ಮೊದಲೇ ಗಮನಿಸಿದ್ದರು. ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಎಸ್‌ಡಿಎಚ್‌ಡಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ: ತಾಯಿಯಿಂದ ಒಂದು, ತಂದೆಯಿಂದ ಒಂದು. ದೋಷವಿರುವ ಪ್ರತಿ ಯಾರಿಂದ ಬಂದರೂ ಅದು ದೇಹದಲ್ಲಿ ಇದ್ದೇ ಇರುತ್ತದೆ. ಆದರೆ ಗಡ್ಡೆ ಹುಟ್ಟುವುದು, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ದೋಷ ತಂದೆಯಿಂದ ಬಂದಾಗ ಮಾತ್ರ. ತಾಯಿಯಿಂದ ಪಡೆದವರು ದೋಷವನ್ನು ಹೊತ್ತುಕೊಂಡೇ ಆರೋಗ್ಯವಾಗಿ ಬಾಳುತ್ತಾರೆ. 1989ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಕುತ್ತಿಗೆ ಗಡ್ಡೆಯ ಕುಟುಂಬಗಳ ವಂಶವೃಕ್ಷಗಳನ್ನು ಬಿಡಿಸಿದಾಗ ಈ ವಿನ್ಯಾಸ ಎದ್ದು ಕಂಡಿತು. ಕಾರಣವಾದ ವಂಶವಾಹಿ ಎಸ್‌ಡಿಎಚ್‌ಡಿ ಎಂದು ತಿಳಿದದ್ದು 2000ದಲ್ಲಿ.

ಏಕೆ ಹೀಗೆ? ಒಳ್ಳೆಯ ಪ್ರತಿ ಒಂದು ಉಳಿದಿರುವವರೆಗೆ ಜೀವಕೋಶ ನಿಭಾಯಿಸುತ್ತದೆ. ಅದೂ ಕಳೆದುಹೋದಾಗ ಗಡ್ಡೆಯ ದಾರಿ ಹಿಡಿಯುತ್ತದೆ. ಎಸ್‌ಡಿಎಚ್‌ಡಿ ಇರುವುದು 11ನೇ ವರ್ಣತಂತುವಿನ ಒಂದು ತೋಳಿನಲ್ಲಿ. ಅದೇ ವರ್ಣತಂತುವಿನ ಇನ್ನೊಂದು ತೋಳಿನಲ್ಲಿ, ತಾಯಿಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುವ, ತಂದೆಯ ಪ್ರತಿ ಹುಟ್ಟಿನಿಂದಲೇ ಮೌನವಾಗಿರುವ ಒಂದು ಪ್ರದೇಶವಿದೆ. ಗಡ್ಡೆಯ ಬೆಳವಣಿಗೆಯನ್ನು ತಡೆಯುವ ಒಂದು ವಂಶವಾಹಿ ಆ ಪ್ರದೇಶದಲ್ಲಿದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ದೋಷವು ತಂದೆಯಿಂದ ಬಂದಿದ್ದರೆ ಜೀವಕೋಶವೊಂದು ತಾಯಿಯ 11ನೇ ವರ್ಣತಂತುವನ್ನು ಇಡಿಯಾಗಿ ಕಳೆದುಕೊಂಡರೆ ಸಾಕು: ಒಳ್ಳೆಯ ಎಸ್‌ಡಿಎಚ್‌ಡಿಯೂ ಹೋಯಿತು, ಆ ಕಾವಲೂ ಹೋಯಿತು. ಒಂದೇ ಅವಘಡದಲ್ಲಿ ಎರಡು ನಷ್ಟ. ದೋಷವು ತಾಯಿಯಿಂದ ಬಂದಿದ್ದರೆ ಒಳ್ಳೆಯ ಎಸ್‌ಡಿಎಚ್‌ಡಿ ಇರುವುದು ತಂದೆಯ ವರ್ಣತಂತುವಿನಲ್ಲಿ, ಕಾವಲು ಇರುವುದು ತಾಯಿಯದ್ದರಲ್ಲಿ. ಎರಡನ್ನೂ ಕಳೆದುಕೊಳ್ಳಲು ಬೇರೆ ಬೇರೆ ಅವಘಡಗಳು ಒಂದೇ ಜೀವಕೋಶದಲ್ಲಿ ಆಗಬೇಕು. ಅದು ತೀರಾ ಅಪರೂಪ.

ಇದನ್ನು ನಿಮ್ಮ ಮನೆಗೆ ಅನ್ವಯಿಸೋಣ. ಅಣ್ಣನಿಗೆ ಎಸ್‌ಡಿಎಚ್‌ಡಿ ಗಡ್ಡೆಗಳಿವೆ. ಆದ್ದರಿಂದ ದೋಷ ಅವರಿಗೆ ಬಂದದ್ದು ಬಹುತೇಕ ಖಚಿತವಾಗಿ ಅಪ್ಪನಿಂದ. ಅಪ್ಪ ಗಡ್ಡೆಯಿಲ್ಲದೆ 67 ದಾಟಿದ್ದಾರೆ. ಅವರಿಗೆ ಅದು ಬಂದದ್ದು ಅವರ ತಾಯಿಯಿಂದ ಎಂದಿಟ್ಟುಕೊಂಡರೆ ಎಲ್ಲವೂ ಸರಿಹೊಂದುತ್ತದೆ. ಅಜ್ಜಿಯ ಅಣ್ಣನಿಗೆ ಕುತ್ತಿಗೆಯಲ್ಲಿ ಗಡ್ಡೆಯಿತ್ತು. ಹಾಗಾದರೆ ಅಣ್ಣ–ತಂಗಿ ಇಬ್ಬರೂ ತಮ್ಮ ತಂದೆಯಿಂದ ಪಡೆದಿರಬಹುದು. ಅಜ್ಜಿಯ ಕಿವಿಯಲ್ಲಿ ಕೇಳುತ್ತಿದ್ದ ನಾಡಿಯ ಸದ್ದಿಗೆ ಬೇರೆ ಕಾರಣಗಳೂ ಇರುತ್ತವೆ, ಆದರೆ ಮಧ್ಯಕಿವಿಯ ಬಳಿಯ ಪ್ಯಾರಾಗ್ಯಾಂಗ್ಲಿಯೋಮಾ ತನ್ನ ಇರವನ್ನು ತೋರಿಸಿಕೊಳ್ಳುವುದು ಹೀಗೆಯೇ. ಅಪ್ಪನಲ್ಲಿ ಕಾಯಿಲೆ ‘ಹಾರಿಹೋಗಲಿಲ್ಲ’. ತಾಯಿಯಿಂದ ಬಂದ ಕಾರಣ ಅವರಲ್ಲಿ ಮೌನವಾಗಿತ್ತು, ಅವರಿಂದ ಮಕ್ಕಳಿಗೆ ದಾಟಿದಾಗ ಮತ್ತೆ ಬಾಯಿಬಿಟ್ಟಿತು. ತನ್ನಿಂದ ಮಗನಿಗೆ ಹೀಗಾಯಿತು ಎಂದು ಅವರು ಕೊರಗುತ್ತಿದ್ದರೆ, ಮನುಷ್ಯರು ಯಾರೂ ಯಾವ ಪ್ರತಿಯನ್ನು ದಾಟಿಸಬೇಕೆಂದು ಆರಿಸುವುದಿಲ್ಲ ಎಂದು ಹೇಳಿ.

ನಿಮ್ಮ ಸ್ಥಿತಿ? ಅಪ್ಪನ ಎರಡು ಪ್ರತಿಗಳಲ್ಲಿ ಒಂದು ನಿಮಗೆ ಬಂದಿದೆ. ದೋಷದ್ದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣನಿಗೆ ಬಂದಿದೆ, ಹಾಗಾಗಿ ನನಗೆ ಬಂದಿರಲಾರದು ಎಂದು ಕೆಲವರು ಲೆಕ್ಕ ಹಾಕುತ್ತಾರೆ. ನಾಣ್ಯ ಪ್ರತಿ ಸಲವೂ ಹೊಸದಾಗಿಯೇ ಬೀಳುತ್ತದೆ. ಅಣ್ಣನ ಹೋಲಿಕೆ ಇದೆಯೋ ಇಲ್ಲವೋ ಎಂಬುದರಿಂದಲೂ, ನಿಮ್ಮ ಬಿಪಿ ಸರಿಯಾಗಿರುವುದರಿಂದಲೂ ಏನೂ ಗೊತ್ತಾಗುವುದಿಲ್ಲ. ಬಂದಿದ್ದರೆ ಅದು ತಂದೆಯಿಂದ ಬಂದದ್ದಾದ್ದರಿಂದ ನಿಮಗೆ ಗಡ್ಡೆಯ ಅಪಾಯ ನಿಜವಾದದ್ದೇ. ಎಷ್ಟು? ಆರಂಭದ ಅಧ್ಯಯನಗಳು ಗಡ್ಡೆಯಿಂದಲೇ ಆಸ್ಪತ್ರೆಗೆ ಬಂದ ಕುಟುಂಬಗಳನ್ನು ಮಾತ್ರ ನೋಡಿದವು, ಹಾಗಾಗಿ ದೋಷವಿದ್ದರೆ ಗಡ್ಡೆ ಬಂದೇ ಬರುತ್ತದೆ ಎಂಬಂತಹ ಅಂದಾಜು ಹೊರಬಿತ್ತು. ನಿಮ್ಮಂತೆ ಯಾವ ಲಕ್ಷಣವೂ ಇಲ್ಲದ ಬಂಧುಗಳನ್ನು ಬೇರೆಯಾಗಿ ಎಣಿಸಿದಾಗ ಅದು ಇಳಿಯಿತು. ಅರ್ಧದ ಆಸುಪಾಸು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಜನರಲ್ಲಿ ಜೀವಮಾನದಲ್ಲಿ ಯಾವುದಾದರೊಂದು ಗಡ್ಡೆ ಕಾಣಬಹುದು ಎಂದು ನಾನು ನನ್ನ ರೋಗಿಗಳಿಗೆ ಹೇಳುತ್ತೇನೆ. ಅದರಲ್ಲೂ ಎಂಆರ್‌ಐನಲ್ಲಿ ಮಾತ್ರ ಕಾಣುವ, ತೊಂದರೆ ಕೊಡದ ಸಣ್ಣ ಕುತ್ತಿಗೆ ಗಡ್ಡೆಗಳೂ ಸೇರಿವೆ. ಬೇರೆ ಅಂಗಗಳಿಗೆ ಹರಡುವ ಸಾಧ್ಯತೆ ಎಸ್‌ಡಿಎಚ್‌ಡಿಯಲ್ಲಿ ಕಡಿಮೆ. ಆ ಕೆಟ್ಟ ಹೆಸರು ಅದರ ಸೋದರ ವಂಶವಾಹಿ ಎಸ್‌ಡಿಎಚ್‌ಬಿಯದ್ದು.

ನಿಮ್ಮ ಮಗನ ವಿಷಯ ಬೇರೆ. ನಿಮ್ಮಲ್ಲಿ ದೋಷವಿದ್ದು ಅವನಿಗೂ ದಾಟಿದ್ದರೆ ಅದು ತಾಯಿಯಿಂದ ದಾಟಿದ್ದು. ಅವನ ಸ್ಥಾನ ಈಗ ನಿಮ್ಮ ಅಪ್ಪನ ಸ್ಥಾನ. ಅವನನ್ನು ವರ್ಷವರ್ಷವೂ ಸ್ಕ್ಯಾನಿಗೆ ಒಯ್ಯಬೇಕಿಲ್ಲ. ಬಾಲ್ಯದಲ್ಲಿ ಪರೀಕ್ಷೆಯ ಅಗತ್ಯವೂ ಇಲ್ಲ. ತಾಯಿಯಿಂದ ಬಂದರೂ ಗಡ್ಡೆಯಾದ ಕೆಲವು ಪ್ರಕರಣಗಳು ವರದಿಯಾಗಿರುವುದರಿಂದ, ಮುಂದೆಂದಾದರೂ ಕಾರಣವಿಲ್ಲದ ಅಧಿಕ ರಕ್ತದೊತ್ತಡವೋ ಕುತ್ತಿಗೆಯ ಗಡ್ಡೆಯೋ ಕಂಡರೆ ವೈದ್ಯರಿಗೆ ಈ ಹಿನ್ನೆಲೆ ಹೇಳಬೇಕು, ಅಷ್ಟೇ. ಆದರೆ ಅವನು ದೊಡ್ಡವನಾಗಿ ತಂದೆಯಾಗುವ ಮೊದಲು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು, ಏಕೆಂದರೆ ಅವನ ಮಕ್ಕಳಿಗೆ ಅದು ತಂದೆಯಿಂದ ದಾಟುತ್ತದೆ. ಅಣ್ಣನ ಮಗಳಿಗೆ ಬಂದಿದ್ದರೆ ಈಗಾಗಲೇ ತಂದೆಯಿಂದಲೇ ಬಂದಿದೆ. ಸೋದರ–ಸೋದರಿಯ ಮಕ್ಕಳು, ಒಂದೇ ದೋಷ, ಎರಡು ಬೇರೆ ಭವಿಷ್ಯ. ‘ಮನೆಯ ಮಕ್ಕಳಿಗೆಲ್ಲಾ ಪರೀಕ್ಷೆ’ ಎಂದು ಒಟ್ಟಾಗಿ ಹೇಳುವ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ಅಣ್ಣನಿಗೆ ವಂಶವಾಹಿ ಪರೀಕ್ಷೆ ಏಕೆ ಮಾಡಿದರು ಎಂಬುದನ್ನೂ ತಿಳಿಸಿಬಿಡುತ್ತೇನೆ. ನಾವು ಓದುತ್ತಿದ್ದ ಕಾಲದಲ್ಲಿ ಈ ಗಡ್ಡೆಗಳಲ್ಲಿ ಹತ್ತರಲ್ಲಿ ಒಂದು ಮಾತ್ರ ವಂಶಪಾರಂಪರ್ಯ ಎಂದು ಬಾಯಿಪಾಠ ಮಾಡಿಸುತ್ತಿದ್ದರು. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಕುಟುಂಬದಲ್ಲಿ ಯಾರಿಗೂ ಇಲ್ಲ ಎಂದು ಹೇಳಿದ್ದ ರೋಗಿಗಳಲ್ಲೇ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹುಟ್ಟಿನಿಂದ ಬಂದ ದೋಷ ಸಿಕ್ಕಿತು. ಇಂದು ಒಟ್ಟಾರೆ ಮೂರರಲ್ಲಿ ಒಂದಕ್ಕೂ ಹೆಚ್ಚು ಎಂದು ಗೊತ್ತಾಗಿದೆ. ಬೇರೆ ಯಾವ ಗಡ್ಡೆಯಲ್ಲೂ ಈ ಪ್ರಮಾಣ ಇಷ್ಟು ದೊಡ್ಡದಿಲ್ಲ ಎನ್ನಬಹುದು. ಹಾಗಾಗಿ ವಯಸ್ಸು, ಮನೆತನ ನೋಡದೆ ಎಲ್ಲ ರೋಗಿಗಳಿಗೂ ಪರೀಕ್ಷೆಯನ್ನು ಸೂಚಿಸುತ್ತೇವೆ. ಯಾವ ವಂಶವಾಹಿ ಎಂಬುದರ ಮೇಲೆ ಬಂಧುಗಳಲ್ಲಿ ಏನನ್ನು ಹುಡುಕಬೇಕೆಂಬುದು ನಿಲ್ಲುತ್ತದೆ. ರೆಟ್ ಎಂಬುದಾದರೆ ಥೈರಾಯ್ಡ್‌ನ ಒಂದು ಬಗೆಯ ಕ್ಯಾನ್ಸರಿನ ಭಯ, ಮಗುವಿದ್ದಾಗಲೇ ಥೈರಾಯ್ಡ್ ತೆಗೆಯಬೇಕಾಗಬಹುದು. ವಿಎಚ್‌ಎಲ್ ಆದರೆ ಕಣ್ಣಿನ ಪರದೆ, ಚಿಕ್ಕಮೆದುಳು, ಮೂತ್ರಪಿಂಡ ನೋಡಬೇಕು. ಎನ್‌ಎಫ್1 ಆದರೆ ಚರ್ಮದ ಮೇಲಿನ ಕಂದು ಮಚ್ಚೆಗಳೇ ಹೆಚ್ಚಾಗಿ ಮೊದಲೇ ಹೇಳಿರುತ್ತವೆ. ಇವು ಯಾವುವೂ ನಿಮ್ಮ ಮನೆಯ ಸಮಸ್ಯೆಯಲ್ಲ. ಅಂತರ್ಜಾಲದಲ್ಲಿ ಓದಿ ಹೆದರಬೇಡಿ.

ಪರೀಕ್ಷೆಗೆ ಹೋಗುವ ಮೊದಲು ಅಣ್ಣನ ವರದಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಿ. ಅದರಲ್ಲಿ ವಂಶವಾಹಿಯ ಹೆಸರಿನ ಪಕ್ಕದಲ್ಲಿ `SDHD c.112C>T` ಎಂಬಂತಹ ಒಂದು ಬರಹ ಇರುತ್ತದೆ. ದೋಷ ಎಲ್ಲಿದೆ ಎಂಬುದರ ವಿಳಾಸ ಅದು. ಪಕ್ಕದಲ್ಲೇ ಅದು ರೋಗಕಾರಕವೋ, ಬಹುಶಃ ರೋಗಕಾರಕವೋ, ಮಹತ್ವ ಗೊತ್ತಿಲ್ಲದ್ದೋ ಎಂಬ ವರ್ಗೀಕರಣವಿರುತ್ತದೆ. ಮೊದಲ ಎರಡಾದರೆ ಮಾತ್ರ ಮುಂದುವರಿಯಬೇಕು. ಮಹತ್ವ ಗೊತ್ತಿಲ್ಲದ ಬದಲಾವಣೆಯನ್ನು ಆಧರಿಸಿ ಆರೋಗ್ಯವಂತ ಬಂಧುಗಳನ್ನು ಪರೀಕ್ಷಿಸುವುದು ಗೊಂದಲ ಹಂಚಿದಂತೆ. ನಿಮ್ಮ ರಕ್ತದಲ್ಲಿ ಪ್ರಯೋಗಾಲಯ ಹುಡುಕುವುದು ಆ ಒಂದೇ ವಿಳಾಸವನ್ನು. ಹತ್ತಾರು ವಂಶವಾಹಿಗಳ ಪಟ್ಟಿಯನ್ನು ಪುನಃ ತೆರೆಯುವ ಅಗತ್ಯವಿಲ್ಲ. ಅಣ್ಣನ ವರದಿ ಇಲ್ಲದೆ ನೀವು ‘ಪೂರ್ತಿ ಪಟ್ಟಿ’ಯ ಪರೀಕ್ಷೆ ಮಾಡಿಸಿ ಏನೂ ಸಿಗದಿದ್ದರೆ ಆ ಉತ್ತರಕ್ಕೆ ಅಷ್ಟು ಬೆಲೆಯಿಲ್ಲ, ಏಕೆಂದರೆ ಅಣ್ಣನ ದೋಷವನ್ನು ಆ ಪರೀಕ್ಷೆ ಹಿಡಿಯಬಲ್ಲದೇ ಎಂಬುದು ನಮಗೆ ಗೊತ್ತಿರುವುದಿಲ್ಲ.

ವಿಳಾಸ ಹಿಡಿದು ಹುಡುಕಿ ‘ಇಲ್ಲ’ ಎಂದು ಬಂದರೆ, ಅದು ನಿಜವಾದ ಇಲ್ಲ. ನಿಮಗೆ ಈ ಗಡ್ಡೆಗಳ ಅಪಾಯ ಬೇರೆ ಯಾರಿಗಾದರೂ ಇರುವಷ್ಟೇ. ಸ್ಕ್ಯಾನ್ ಬೇಡ, ವಾರ್ಷಿಕ ರಕ್ತಪರೀಕ್ಷೆ ಬೇಡ, ನಿಮ್ಮ ಮಕ್ಕಳ ಬಗ್ಗೆ ಚಿಂತೆಯೇ ಬೇಡ. ‘ಸರಿಪಡಿಸಲು ಆಗುವುದಿಲ್ಲವಲ್ಲ’ ಎನ್ನುವಾಗ ಈ ಅರ್ಧ ಭಾಗವನ್ನು ನೀವು ಮರೆತಿದ್ದೀರಿ. ಪರೀಕ್ಷೆಗೆ ಬರುವ ಒಡಹುಟ್ಟಿದವರಲ್ಲಿ ಸರಿಸುಮಾರು ಅರ್ಧದಷ್ಟು ಜನರನ್ನು ನಾವು ಶಾಶ್ವತವಾಗಿ ಬಿಟ್ಟುಕಳುಹಿಸುತ್ತೇವೆ.

‘ಇದೆ’ ಎಂದು ಬಂದರೆ ಗಡ್ಡೆ ಇದೆ ಎಂದಲ್ಲ. ಆಗ ನಾವು ಮಾಡುವುದು ಎರಡು. ಒಂದು, ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಮೆಟಾನೆಫ್ರಿನ್ ಪರೀಕ್ಷೆ. ಗಡ್ಡೆ ಅಡ್ರಿನಲಿನ್ ಅನ್ನು ಆಗಾಗ ಚಿಮ್ಮಿಸುತ್ತದೆ, ಆ ಗಳಿಗೆಯಲ್ಲಿ ರಕ್ತ ತೆಗೆಯದಿದ್ದರೆ ಅದು ಕೈಗೆ ಸಿಗುವುದಿಲ್ಲ. ಆದರೆ ಗಡ್ಡೆಯೊಳಗೇ ಅದು ಸತತವಾಗಿ ಒಡೆದು ಮೆಟಾನೆಫ್ರಿನ್‌ಗಳಾಗಿ ಸೋರುತ್ತಿರುತ್ತದೆ. ಆದ್ದರಿಂದ ಅವುಗಳನ್ನು ಅಳೆಯುತ್ತೇವೆ. ಎಸ್‌ಡಿಎಚ್ ಗಡ್ಡೆಗಳು ಕೆಲವೊಮ್ಮೆ ಡೋಪಮಿನ್ ಮಾತ್ರ ತಯಾರಿಸುವುದರಿಂದ, ಪ್ರಯೋಗಾಲಯದಲ್ಲಿ ಸೌಲಭ್ಯವಿದ್ದರೆ ಡೋಪಮಿನ್ ಒಡೆದಾಗ ಆಗುವ ಮೆಥಾಕ್ಸಿಟೈರಮಿನ್ ಎಂಬುದನ್ನೂ ಸೇರಿಸಿ ಎಂದು ಕೇಳಿ. ಎರಡು, ತಲೆಬುರುಡೆಯ ತಳದಿಂದ ಕಿಬ್ಬೊಟ್ಟೆಯವರೆಗೆ ಎಂಆರ್‌ಐ, ಎರಡು ಮೂರು ವರ್ಷಗಳಿಗೊಮ್ಮೆ. ಕುತ್ತಿಗೆಯ ಗಡ್ಡೆಗಳು ರಕ್ತದಲ್ಲಿ ಸುಳಿವು ಬಿಡುವುದಿಲ್ಲವಾದ್ದರಿಂದ ‘ರಕ್ತಪರೀಕ್ಷೆ ಸರಿಯಿದೆ’ ಎಂದು ಸ್ಕ್ಯಾನ್ ಬಿಡುವಂತಿಲ್ಲ. ಎಂಆರ್‌ಐಗೆ ವಿಕಿರಣವಿಲ್ಲ, ಬದುಕಿನುದ್ದಕ್ಕೂ ಮಾಡಬೇಕಾದ್ದರಿಂದ ಸಿಟಿಗಿಂತ ಅದನ್ನೇ ಆರಿಸುತ್ತೇವೆ.

ಇದರಲ್ಲಿ ಎಡವುವ ಜಾಗಗಳಿವೆ. ಮೆಟಾನೆಫ್ರಿನ್ ರಕ್ತಕ್ಕೆ ನೀವು ಇಪ್ಪತ್ತರಿಂದ ಮೂವತ್ತು ನಿಮಿಷ ಅಂಗಾತ ಮಲಗಿ ವಿಶ್ರಮಿಸಿದ ಮೇಲೆ ಸೂಜಿ ಚುಚ್ಚಬೇಕು. ಧಾವಿಸಿ ಬಂದು ಕುರ್ಚಿಯಲ್ಲಿ ಕೂತು ಕೊಟ್ಟ ರಕ್ತದಲ್ಲಿ ಮಟ್ಟ ಏರಿರುತ್ತದೆ. ಅಮಿಟ್ರಿಪ್ಟಿಲಿನ್, ವೆನ್ಲಾಫಾಕ್ಸಿನ್‌ನಂತಹ ಮಾತ್ರೆಗಳೂ ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಔಷಧಗಳೂ ಹಾಗೆಯೇ ಏರಿಸುತ್ತವೆ. ಇವನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ಮಿತಿಗಿಂತ ತುಸು ಮೇಲಿರುವ ಒಂದು ಅಂಕಿ ಬಂದರೆ ಮಲಗಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಎರಡು ಮೂರು ಪಟ್ಟು ಮೀರಿದ್ದರೆ ಗಡ್ಡೆಯನ್ನೇ ಹುಡುಕಬೇಕು.

ಎಂಆರ್‌ಐನಲ್ಲಿ ಕುತ್ತಿಗೆಯಲ್ಲಿ ಸಣ್ಣದೊಂದು ಕಂಡರೆ ಮೊದಲ ನಿಯಮ: ಸೂಜಿ ಪರೀಕ್ಷೆ ಬೇಡ. ಈ ಗಡ್ಡೆಗಳಲ್ಲಿ ರಕ್ತನಾಳ ತುಂಬಿರುತ್ತದೆ, ಚುಚ್ಚಿದರೆ ರಕ್ತಸ್ರಾವ. ಚಿತ್ರದಲ್ಲಿನ ಲಕ್ಷಣ ಮತ್ತು ನಿಮ್ಮ ವಂಶವಾಹಿ ವರದಿ ಸೇರಿದರೆ ರೋಗನಿರ್ಣಯಕ್ಕೆ ಅದರ ಅಗತ್ಯವೂ ಇಲ್ಲ. ಎರಡನೆಯದು, ಕಂಡ ಕೂಡಲೇ ಕತ್ತರಿಸಬೇಕಿಲ್ಲ. ಇವು ಸರಾಸರಿ ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು ಬೆಳೆಯುತ್ತವೆ, ಎಷ್ಟೋ ಬೆಳೆಯುವುದೇ ಇಲ್ಲ. ಸುತ್ತ ಹಾದುಹೋಗುವ ನರಗಳು ಧ್ವನಿಗೂ ನುಂಗುವುದಕ್ಕೂ ಸಂಬಂಧಿಸಿದವು. ಎಸ್‌ಡಿಎಚ್‌ಡಿಯಲ್ಲಿ ಗಡ್ಡೆ ಎರಡೂ ಕಡೆ ಬರುವುದು ಸಾಮಾನ್ಯ. ಒಂದು ಕಡೆ ನರಕ್ಕೆ ಪೆಟ್ಟಾದರೆ ಇನ್ನೊಂದು ಕಡೆ ಮುಟ್ಟಲು ಶಸ್ತ್ರವೈದ್ಯರು ಹಿಂಜರಿಯುತ್ತಾರೆ. ಕೆರೋಟಿಡ್ ಬಾಡಿ ಎರಡೂ ಬದಿಯಲ್ಲಿ ಹೋದರೆ ರಕ್ತದೊತ್ತಡವನ್ನು ಸ್ಥಿರವಾಗಿಡುವ ಪ್ರತಿವರ್ತನೆಯೇ ಕುಸಿಯಬಹುದು. ಅದಕ್ಕೇ ನಿಮ್ಮ ಅಣ್ಣನ ಕುತ್ತಿಗೆಯದ್ದನ್ನು ಬಿಟ್ಟಿರುವುದು; ಅದು ಅಲಕ್ಷ್ಯವಲ್ಲ, ಬಹುಶಃ ಸರಿಯಾದ ತೀರ್ಮಾನ. ಬೆಳೆಯುತ್ತಿರುವುದನ್ನು ಸಣ್ಣದಿರುವಾಗ ತೆಗೆದರೆ ನರಕ್ಕೆ ಅಪಾಯ ಕಡಿಮೆ, ತಲೆಬುರುಡೆಯ ತಳದಲ್ಲಿರುವುದಕ್ಕೆ ವಿಕಿರಣ ಚಿಕಿತ್ಸೆಯೂ ಒಂದು ದಾರಿ. ಕಾಯುವುದೋ ಕತ್ತರಿಸುವುದೋ ಎಂಬ ಈ ತೂಗಾಟ ಹಲವರಿಗೆ ಗಡ್ಡೆಗಿಂತ ಹೆಚ್ಚು ಕಾಡುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಪರೀಕ್ಷೆಯ ನಿಜವಾದ ಬೆಲೆ ಇದೇ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಡ್ರಿನಲ್ ಅಥವಾ ಹೊಟ್ಟೆಯ ಗಡ್ಡೆಯಲ್ಲಿ ಇಂಥ ತೂಗಾಟವಿಲ್ಲ, ಸ್ರವಿಸುತ್ತಿದ್ದರೆ ತೆಗೆಯಬೇಕು. ಒಂದೆರಡು ವಾರ ಮುಂಚಿತವಾಗಿ ಆಲ್ಫಾ ತಡೆ ಮಾತ್ರೆ ಕೊಟ್ಟು ರಕ್ತನಾಳಗಳನ್ನು ಸಡಿಲಗೊಳಿಸಿ, ಅಗತ್ಯವಿದ್ದರೆ ಆಮೇಲೆ ಎದೆ ಬಡಿತ ತಗ್ಗಿಸುವ ಬೀಟಾ ತಡೆ ಮಾತ್ರೆ ಸೇರಿಸಿ, ನಂತರ ಶಸ್ತ್ರಚಿಕಿತ್ಸೆ. ಬೀಟಾ ತಡೆಯನ್ನು ಮೊದಲು ಕೊಟ್ಟರೆ ರಕ್ತದೊತ್ತಡ ಏಕಾಏಕಿ ಏರಿ ಪ್ರಾಣಕ್ಕೇ ಸಂಚಕಾರ. ಇದೇ ಗಡ್ಡೆ ಇದೆಯೆಂದು ತಿಳಿಯದೆ ಬೇರೆ ಯಾವುದೋ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟರೆ, ಅಥವಾ ಅದು ಹೆರಿಗೆಯ ಹೊತ್ತಿನಲ್ಲಿ ಎಚ್ಚರಗೊಂಡರೆ, ಅದೇ ಸಂಕಟ. ನೀವು ಎರಡನೇ ಮಗುವಿನ ಮಾತೆತ್ತಿದ್ದೀರಿ, ಹಾಗಾಗಿ ನಿಮ್ಮ ಮಟ್ಟಿಗೆ ಇದೇ ಅತಿ ಮುಖ್ಯ. ಗರ್ಭಿಣಿಯಾಗುವ ಮೊದಲೇ ವಂಶವಾಹಿ ಪರೀಕ್ಷೆ ಮುಗಿಸಿ. ದೋಷವಿದ್ದರೆ ಮೆಟಾನೆಫ್ರಿನ್ ಮತ್ತು ಎಂಆರ್‌ಐ ಕೂಡ. ಗರ್ಭಾವಸ್ಥೆಯಲ್ಲಿ ಏರುವ ರಕ್ತದೊತ್ತಡವನ್ನು ಎಲ್ಲರೂ ಗರ್ಭದ ಬಿಪಿ ಎಂದೇ ಭಾವಿಸುತ್ತಾರೆ, ಫಿಯೋಕ್ರೋಮೋಸೈಟೋಮಾ ಆ ಹೆಸರಿನ ಹಿಂದೆ ಅಡಗಿಕೊಳ್ಳುತ್ತದೆ. ಮೊದಲೇ ಗೊತ್ತಿದ್ದರೆ ತಾಯಿ–ಮಗು ಇಬ್ಬರಿಗೂ ಅಪಾಯ ಬಹಳವೇ ಇಳಿಯುತ್ತದೆ. ಮಗುವಿಗೆ ದೋಷ ದಾಟುತ್ತದೆಂದು ಗರ್ಭಧಾರಣೆಯನ್ನು ಮುಂದೂಡಬೇಡಿ. ದಾಟಿದರೂ ಅದು ತಾಯಿಯಿಂದ ದಾಟಿದ್ದು.

ಪರೀಕ್ಷೆ ಬೇಡ ಎನ್ನುವ ಹಕ್ಕು ನಿಮಗಿದೆ, ಅದನ್ನು ಮುಖಭಾವದಿಂದಲೂ ಪ್ರಶ್ನಿಸುವುದು ಸರಿಯಲ್ಲ. ಹಾಗಾದರೆ ದೋಷವಿದೆ ಎಂದೇ ಭಾವಿಸಿ ಕಣ್ಗಾವಲಿಡಬೇಕಾಗುತ್ತದೆ. ಅಂದರೆ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಅನವಶ್ಯಕವಾಗಿ ಬದುಕಿನುದ್ದಕ್ಕೂ ಸ್ಕ್ಯಾನ್. ಇನ್ನೊಂದು ದಾರಿ, ಪರೀಕ್ಷೆಯನ್ನೂ ಕಣ್ಗಾವಲನ್ನೂ ಬಿಟ್ಟು ಲಕ್ಷಣ ಬಂದಾಗ ನೋಡಿಕೊಳ್ಳುವುದು. ಅದನ್ನು ನಾನು ಶಿಫಾರಸು ಮಾಡುವುದಿಲ್ಲ, ಮಗು ಬೇಕೆಂದಿರುವ ನಿಮಗಂತೂ ಇಲ್ಲ. ವಿಮೆ, ಉದ್ಯೋಗದ ವಿಷಯದಲ್ಲಿ ನಿಯಮ ದೇಶದಿಂದ ದೇಶಕ್ಕೆ ಬೇರೆ. ಜೀವವಿಮೆ ಮಾಡಿಸುವ ಯೋಚನೆಯಿದ್ದರೆ ಫಲಿತಾಂಶ ಕೈಗೆ ಬರುವ ಮೊದಲೇ ಆ ಬಗ್ಗೆ ವಿಚಾರಿಸಿಕೊಳ್ಳಿ.

ಅಣ್ಣನ ಮಗಳ ಬಗ್ಗೆ. ಮಕ್ಕಳಿಗೆ ವಂಶವಾಹಿ ಪರೀಕ್ಷೆ ಮಾಡಲು ನಾವು ಸಾಮಾನ್ಯವಾಗಿ ಹಿಂದೇಟು ಹಾಕುತ್ತೇವೆ: ದೊಡ್ಡವರಾಗಿ ತಾವೇ ನಿರ್ಧರಿಸಲಿ ಎಂದು. ಫಲಿತಾಂಶದಿಂದ ಬಾಲ್ಯದಲ್ಲೇ ಏನಾದರೂ ಬದಲಾಗುವುದಾದರೆ ಮಾತ್ರ ಆ ನಿಯಮ ಸಡಿಲಾಗುತ್ತದೆ, ಇಲ್ಲಿ ಬದಲಾಗುತ್ತದೆ. ತಂದೆಯಿಂದ ಎಸ್‌ಡಿಎಚ್‌ಡಿ ದೋಷ ಬಂದ ಮಕ್ಕಳಿಗೆ ಹತ್ತರಿಂದ ಹದಿನೈದು ವರ್ಷದೊಳಗೆ ಕಣ್ಗಾವಲು ಶುರುಮಾಡಬೇಕೆಂಬುದು ತಜ್ಞರ ಒಮ್ಮತ. ಅವಳಿಗೀಗ ಒಂಬತ್ತು, ಮುಂದಿನ ಒಂದು ವರ್ಷದಲ್ಲಿ ಮಾಡಿಸಿದರೆ ಸಾಕು, ನಾಳೆಯೇ ಓಡಬೇಕಿಲ್ಲ. ಒಂದು ಹನಿ ರಕ್ತ ಅಥವಾ ಜೊಲ್ಲು ಸಾಕಾಗುತ್ತದೆ. ಅವಳಿಗೆ ವಿಷಯವನ್ನು ಅವಳ ಮಟ್ಟದಲ್ಲಿ ಹೇಳಿ, ‘ಅಪ್ಪನಿಗೆ ಇದ್ದದ್ದು ನಿನಗೂ ಇದೆಯೇ ಎಂದು ನೋಡುತ್ತಾರೆ’ ಎಂದು. ಮುಚ್ಚಿಟ್ಟರೆ ಮಕ್ಕಳು ಇದಕ್ಕಿಂತ ದೊಡ್ಡದನ್ನು ಊಹಿಸಿಕೊಳ್ಳುತ್ತಾರೆ.

ಅಪ್ಪನ ರಕ್ತಪರೀಕ್ಷೆ ಅವರ ಸ್ವಂತ ಆರೋಗ್ಯಕ್ಕೆ ಅಷ್ಟಾಗಿ ಬೇಕಿಲ್ಲ. ಆದರೆ ದೋಷ ಅವರ ಕಡೆಯಿಂದಲೇ ಎಂದು ಖಚಿತವಾದರೆ ಉಳಿದ ಕೊಂಬೆಗಳನ್ನು ನೋಡಬಹುದು. ಅವರಿಗೆ ತಮ್ಮನಿದ್ದರೆ, ಆ ಚಿಕ್ಕಪ್ಪ ಅವರಂತೆಯೇ ಆರೋಗ್ಯವಾಗಿದ್ದರೂ ಅವರ ಮಕ್ಕಳು ನಿಮ್ಮಷ್ಟೇ ಅಪಾಯದಲ್ಲಿರಬಹುದು. ತಂಗಿಯಿದ್ದರೆ, ಆ ಅತ್ತೆಯ ಮಕ್ಕಳಿಗೆ ಗಡ್ಡೆಯ ಭಯ ಬಹುತೇಕ ಇಲ್ಲ, ಅವರ ಗಂಡುಮಕ್ಕಳು ತಂದೆಯಾಗುವ ಮೊದಲು ಮಾತ್ರ ತಿಳಿದುಕೊಳ್ಳಬೇಕು.

ಎಲ್ಲರೂ ಮರೆಯುವುದು ಅಜ್ಜಿಯ ಅಣ್ಣನ ಕೊಂಬೆಯನ್ನು. ಅವರಿಗೆ ಗಡ್ಡೆಯಿತ್ತು, ಅವರು ಗಂಡಸು. ಅವರಿಂದ ಮಕ್ಕಳಿಗೆ ದಾಟಿದ್ದರೆ ಅದು ತಂದೆಯಿಂದ ದಾಟಿದ್ದು. ಈ ಇಡೀ ವಂಶವೃಕ್ಷದಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವವರು ಆ ಮಕ್ಕಳು ಇರಬಹುದು, ಈಗ ಅವರೂ ಮಧ್ಯವಯಸ್ಸು ದಾಟಿರಬೇಕು. ನಿಮ್ಮ ಅಣ್ಣನ ಹೆಸರನ್ನು ಹೇಳದೆ ವಂಶವಾಹಿ, ದೋಷದ ವಿಳಾಸ, ಪರೀಕ್ಷೆ ಎಲ್ಲಿ ಸಿಗುತ್ತದೆ ಎಂಬುದನ್ನು ಮಾತ್ರ ಬರೆದ ಒಂದು ಪತ್ರವನ್ನು ವಂಶವಾಹಿ ಸಲಹೆಗಾರರು ಸಿದ್ಧಪಡಿಸಿಕೊಡುತ್ತಾರೆ. ಅಣ್ಣನ ಒಪ್ಪಿಗೆ ಪಡೆದು, ಆ ಕಡೆಯ ಬಂಧುಗಳಲ್ಲಿ ಯಾರ ಫೋನ್ ನಂಬರ್ ಅಪ್ಪನ ಬಳಿ ಇದೆಯೋ ಅವರಿಗೆ ಮೊದಲು ಅದನ್ನು ಕಳುಹಿಸಿ.